ಒಂದೇ ದೂರು, ಮೂರು ಇಮೇಲ್: ಫೋಟೋ ಲ್ಯಾಬ್‌ಗೆ ಬಣ್ಣದ ತೊಂದರೆ ಬರೆದು ತಿಳಿಸಿದ್ದು

ತಂಗಿಯ ಮಗಳಿಗೆ ಒಂದು ವರ್ಷ ತುಂಬಿದಾಗ ಅವಳ 60 ಫೋಟೋ ಆರಿಸಿ ಲ್ಯಾಬ್ ಒಂದಕ್ಕೆ ಆನ್‌ಲೈನ್‌ನಲ್ಲಿ ಕಳಿಸಿದ್ದೆ. 4×6 ಸೈಜ್, ಮ್ಯಾಟ್ ಪೇಪರ್. ಪ್ರಿಂಟ್ ಬಂದ ದಿನ ಕವರ್ ಬಿಚ್ಚಿ ನೋಡಿದರೆ ಕೆಲವು ಫೋಟೋಗಳಲ್ಲಿ ಮಗುವಿನ ಮುಖ ಜ್ವರ ಬಂದವರ ಹಾಗೆ ಕೆಂಪಗಿತ್ತು. ಅವಳನ್ನು ಎತ್ತಿಕೊಂಡಿದ್ದ ಅಪ್ಪನ ಬಿಳಿ ಅಂಗಿ ತಿಳಿ ಗುಲಾಬಿಯಾಗಿತ್ತು. ಉಳಿದವು ಚೆನ್ನಾಗಿಯೇ ಇದ್ದವು.

ರೀಪ್ರಿಂಟ್ ಕೈಗೆ ಬರುವಷ್ಟರಲ್ಲಿ ಇದೇ ತೊಂದರೆಯನ್ನು ಮೂರು ಬಗೆಯಲ್ಲಿ ಬರೆದು ಕಳಿಸಿದ್ದೆ. ಮೂರೂ ಹೋಗಿದ್ದು ಒಂದೇ ಲ್ಯಾಬ್‌ಗೆ, ಒಂದೇ ಆರ್ಡರ್‌ಗೆ. ಹಾಗಾಗಿ ಅವನ್ನು ಪಕ್ಕಪಕ್ಕ ಇಟ್ಟು ನೋಡಬಹುದು.

ಮೊದಲನೆಯದು: ಬರೀ ಮಾತು

"ಬಣ್ಣ ಸರಿಯಾಗಿ ಬಂದಿಲ್ಲ. ಮುಖ ತುಂಬಾ ಕೆಂಪಾಗಿದೆ. ನನ್ನ ಮೊಬೈಲ್‌ನಲ್ಲಿ ನೋಡಿದರೆ ಚೆನ್ನಾಗಿದೆ. ದಯವಿಟ್ಟು ಎಲ್ಲವನ್ನೂ ಮತ್ತೆ ಪ್ರಿಂಟ್ ಮಾಡಿ ಕಳಿಸಿ." ಇಷ್ಟೇ ಬರೆದಿದ್ದೆ.

ಮರುದಿನವೇ ಉತ್ತರ ಬಂತು. ಸ್ಕ್ರೀನ್‌ನಲ್ಲಿ ಕಾಣುವುದಕ್ಕೂ ಕಾಗದದ ಮೇಲೆ ಬರುವುದಕ್ಕೂ ಸ್ವಲ್ಪ ವ್ಯತ್ಯಾಸ ಇದ್ದೇ ಇರುತ್ತದೆ, ಇದು ದೋಷವಲ್ಲ ಎಂದು. ಓದಿ ಬೇಜಾರಾಯಿತು. ಆದರೆ ಅವರು ಹೇಳಿದ್ದು ನಿಜವೇ. ಸ್ಕ್ರೀನ್ ತಾನೇ ಬೆಳಕು ಬಿಡುತ್ತದೆ, ಕಾಗದ ಬಿದ್ದ ಬೆಳಕನ್ನು ಹಿಂದಕ್ಕೆ ಕಳಿಸುತ್ತದೆ ಅಷ್ಟೇ. ಮೊಬೈಲ್‌ಗಳು ಬಣ್ಣವನ್ನು ಗಾಢ ಮಾಡಿ ತೋರಿಸುವುದೂ ಉಂಟು. ನನ್ನ ಮೊಬೈಲ್ ಲ್ಯಾಬ್‌ನವರ ಕಣ್ಣಿಗೆ ಕಾಣುವುದಿಲ್ಲ. ಅವರು ನೋಡಲಾಗದ ವಸ್ತುವನ್ನು ನಾನು ಅಳತೆಗೋಲು ಮಾಡಿಕೊಂಡಿದ್ದೆ.

ಈ ಮೇಲ್‌ನಲ್ಲಿ ಇನ್ನೊಂದು ತಪ್ಪಿತ್ತು. ಅದು ನನಗೆ ತಿಳಿದಿದ್ದು ಆಮೇಲೆ. "ಕೆಂಪು" ಎಂಬ ಪದವೇ ಸರಿಯಲ್ಲ. ಪ್ರಿಂಟ್ ಮಾಡುವವರು ಬಣ್ಣ ತಿದ್ದುವುದು ಮೂರು ಜೋಡಿಗಳಲ್ಲಿ: ಸಯಾನ್ ಮತ್ತು ಕೆಂಪು, ಮೆಜೆಂಟಾ ಮತ್ತು ಹಸಿರು, ಹಳದಿ ಮತ್ತು ನೀಲಿ. ಒಂದನ್ನು ಕಡಿಮೆ ಮಾಡಿದರೆ ಅದರ ಜೋಡಿ ಜಾಸ್ತಿಯಾಗುತ್ತದೆ. ನನ್ನ ಪ್ರಿಂಟ್‌ಗಳಲ್ಲಿ ಜಾಸ್ತಿಯಾಗಿದ್ದು ಮೆಜೆಂಟಾ, ಅಂದರೆ ನೇರಳೆಯ ಕಡೆಗೆ ವಾಲಿದ ಗುಲಾಬಿ. ನನ್ನ ಮಾತು ನಂಬಿ ಕೆಂಪು ತೆಗೆಯಲು ಸಯಾನ್ ಸೇರಿಸಿದ್ದರೆ ಅಪ್ಪನ ಬಿಳಿ ಅಂಗಿ ಗುಲಾಬಿ ಬಿಟ್ಟು ನೀಲಿಗೆ ತಿರುಗುತ್ತಿತ್ತು. ಮೆಜೆಂಟಾ ಮತ್ತು ಸಯಾನ್ ಸೇರಿದರೆ ನೀಲಿ ತಾನೇ?

ಇದನ್ನು ಕಂಡುಹಿಡಿಯಲು ಮುಖ ನೋಡಬಾರದು. ಚರ್ಮದಲ್ಲಿ ಮೊದಲೇ ಕೆಂಪು ಮತ್ತು ಹಳದಿ ಇರುತ್ತವೆ. ಅದಕ್ಕೆ ಮೆಜೆಂಟಾ ಸೇರಿದರೂ ಕಣ್ಣಿಗೆ ಕೆಂಪು ಅಂತಲೇ ಕಾಣುತ್ತದೆ. ಬಿಳಿ ಅಂಗಿ, ಸಿಮೆಂಟ್ ಕಟ್ಟೆ, ಸ್ಟೀಲ್ ಲೋಟ, ಹೀಗೆ ತನ್ನದೇ ಬಣ್ಣ ಇಲ್ಲದ ವಸ್ತು ಯಾವ ಕಡೆಗೆ ವಾಲಿದೆ ಎಂದು ನೋಡಬೇಕು.

ಎರಡನೆಯದು: ಪ್ರಿಂಟ್‌ನ ಫೋಟೋ ಲಗತ್ತಿಸಿದ್ದು

ಮಾತಿಗಿಂತ ಚಿತ್ರ ಮೇಲು ಅನ್ನಿಸಿತು. ಹೆಚ್ಚು ಕೆಟ್ಟಿದ್ದ ಮೂರು ಪ್ರಿಂಟ್‌ಗಳನ್ನು ಮೊಬೈಲ್‌ನಲ್ಲಿ ಒಂದೊಂದಾಗಿ ತೆಗೆದು, ಫ್ರೇಮ್ ತುಂಬುವ ಹಾಗೆ ಕ್ರಾಪ್ ಮಾಡಿ ಕಳಿಸಿದೆ. ಜೊತೆಗೆ ಆರ್ಡರ್ ನಂಬರ್ ಹಾಕಿದೆ. ಮೊದಲ ಮೇಲ್‌ನಲ್ಲಿ ಅದನ್ನೂ ಮರೆತಿದ್ದೆ.

"ನೀವು ಕಳಿಸಿದ ಚಿತ್ರಗಳಲ್ಲಿ ಬಣ್ಣ ಸಹಜವಾಗಿಯೇ ಇದೆಯಲ್ಲ" ಎಂದು ಉತ್ತರ ಬಂತು. ನಾನೇ ಲಗತ್ತು ತೆರೆದು ನೋಡಿದೆ. ಹೌದು, ಮುಕ್ಕಾಲು ಪಾಲು ಗುಲಾಬಿ ಮಾಯವಾಗಿತ್ತು!

ಕಾರಣ ಮೊಬೈಲ್ ಕ್ಯಾಮೆರಾದ ಆಟೋ ವೈಟ್ ಬ್ಯಾಲೆನ್ಸ್. ಫ್ರೇಮ್ ಪೂರ್ತಿ ಒಂದು ಕಡೆಗೆ ವಾಲಿದ್ದರೆ, ಅದು ಕೋಣೆಯ ದೀಪದ ಬಣ್ಣ ಎಂದುಕೊಂಡು ಕ್ಯಾಮೆರಾ ತಾನೇ ತಿದ್ದಿಬಿಡುತ್ತದೆ. ಅಂದರೆ ನಾನು ಯಾವ ದೋಷ ತೋರಿಸಬೇಕಿತ್ತೋ ಅದನ್ನೇ ಮೊಬೈಲ್ ಅಳಿಸಿ ಕಳಿಸಿತ್ತು. ಗೀರು, ಕಲೆ, ಪಟ್ಟೆ, ಅಂಚು ಕತ್ತರಿಸಿಹೋಗಿದ್ದು, ಇಂಥ ದೂರಿಗೆ ಈ ಬಗೆಯ ಮೇಲ್ ಸಾಕು. ಬಣ್ಣದ ಛಾಯೆಯ ದೂರಿಗೆ ಇದು ನಮಗೇ ತಿರುಗಿಬೀಳುತ್ತದೆ.

ಮೂರನೆಯದು: ಪ್ರಿಂಟ್ ಪಕ್ಕ ಪ್ರಿಂಟ್

ಒಂದು ಮಧ್ಯಾಹ್ನ ಮನೆಯ ದೀಪಗಳನ್ನೆಲ್ಲ ಆರಿಸಿ, ನೇರ ಬಿಸಿಲು ಬೀಳದ ಕಿಟಕಿಯ ಬಳಿ 60 ಪ್ರಿಂಟ್‌ಗಳನ್ನೂ ನೆಲದ ಮೇಲೆ ಹರಡಿದೆ. ಕೆಟ್ಟವನ್ನು ಒಂದು ಕಡೆ, ಒಳ್ಳೆಯವನ್ನು ಇನ್ನೊಂದು ಕಡೆ ಜೋಡಿಸಿದೆ. ಕೆಟ್ಟವು ಸರಿಯಾಗಿ 14. ಹದಿನಾಲ್ಕೂ ಹುಲ್ಲುಹಾಸಿನ ಮೇಲೆ ತೆಗೆದವು. ಅದೇ ದಿನ, ಅದೇ ಅಂಗಿಯಲ್ಲಿ, ಬೂದು ಗೋಡೆಯ ಮುಂದೆ ತೆಗೆದ ಫೋಟೋಗಳಲ್ಲಿ ಅಂಗಿ ಬೆಳ್ಳಗೇ ಇತ್ತು.

ಗುಟ್ಟು ಬಿಟ್ಟುಕೊಟ್ಟಿದ್ದು ಇದೇ. ರಾಸಾಯನಿಕವೋ ಇಂಕೋ ಪೇಪರ್ ರೋಲೋ ಕೆಟ್ಟಿದ್ದರೆ ಒಂದೇ ಆರ್ಡರ್‌ನ ಫೋಟೋಗಳು ಹುಲ್ಲು, ಗೋಡೆ ಎಂದು ನೋಡಿ ಕೆಡುವುದಿಲ್ಲ. ಹಿನ್ನೆಲೆಗೆ ತಕ್ಕ ಹಾಗೆ ಕೆಟ್ಟಿವೆ ಎಂದರೆ ಪ್ರತಿ ಫೋಟೋವನ್ನೂ ನೋಡಿ ತಿದ್ದುವ ಸಾಫ್ಟ್‌ವೇರ್ ಕೈ ಹಾಕಿದೆ ಎಂದರ್ಥ. ಹಲವು ಲ್ಯಾಬ್‌ಗಳಲ್ಲಿ ಆಟೋ ಕರೆಕ್ಷನ್ ಇರುತ್ತದೆ. ಸಾಮಾನ್ಯ ಫೋಟೋದ ಬಣ್ಣಗಳನ್ನೆಲ್ಲ ಕಲಸಿದರೆ ಹತ್ತಿರ ಹತ್ತಿರ ಬೂದು ಬರುತ್ತದೆ ಎಂಬ ಲೆಕ್ಕದ ಮೇಲೆ ಇಂಥ ತಿದ್ದುವಿಕೆ ನಡೆಯುವುದುಂಟು. ಫ್ರೇಮ್ ತುಂಬಾ ಹುಲ್ಲಿದ್ದರೆ ಆ ಲೆಕ್ಕ ತಪ್ಪುತ್ತದೆ. ಇಲ್ಲಿ ಹಸಿರು ಜಾಸ್ತಿಯಾಗಿದೆ ಎಂದು ಅದು ಹಸಿರನ್ನು ಇಳಿಸುತ್ತದೆ. ಹಸಿರು ಇಳಿದರೆ ಮೆಜೆಂಟಾ ಏರುತ್ತದೆ. ಹುಲ್ಲು ಮಂಕಾಗಿದ್ದೂ ಅದಕ್ಕೇ. ಅದು ನನಗೆ ಮೊದಲು ಕಂಡೇ ಇರಲಿಲ್ಲ, ಮುಖಗಳನ್ನಷ್ಟೇ ನೋಡುತ್ತಿದ್ದೆ.

ಆಮೇಲೆ ತಪ್ಪು ನನ್ನ ಫೈಲ್‌ನಲ್ಲಿಲ್ಲ ಎಂದು ಖಚಿತ ಮಾಡಿಕೊಳ್ಳಬೇಕಿತ್ತು. ಇಟ್ಟ ಜಾಗದಲ್ಲಿ ಕೆಂಪು, ಹಸಿರು, ನೀಲಿ ಎಷ್ಟೆಷ್ಟಿದೆ ಎಂದು ಸಂಖ್ಯೆಯಲ್ಲಿ ತೋರಿಸುವ ಐಡ್ರಾಪರ್ ಎಡಿಟಿಂಗ್ ಸಾಫ್ಟ್‌ವೇರ್‌ನಲ್ಲಿರುತ್ತದೆ. ಅದನ್ನು ಅಂಗಿಯ ಕಾಲರ್ ಮೇಲಿಟ್ಟೆ. `R 226 G 225 B 222` ಎಂದು ತೋರಿಸಿತು. ಮೂರೂ ಸಂಖ್ಯೆ ಹೆಚ್ಚುಕಡಿಮೆ ಒಂದೇ ಇದ್ದರೆ ಆ ಜಾಗಕ್ಕೆ ಛಾಯೆ ಇಲ್ಲ. ಈ ಸಂಖ್ಯೆಯ ದೊಡ್ಡ ಗುಣ ಎಂದರೆ ಅದಕ್ಕೆ ಸ್ಕ್ರೀನ್‌ನ ಹಂಗಿಲ್ಲ. ಲ್ಯಾಬ್‌ನವರು ಅದೇ ಫೈಲ್ ತೆರೆದರೆ ಅವರಿಗೂ ಅದೇ ಕಾಣುತ್ತದೆ. ಫೈಲ್‌ನ ಕಲರ್ ಪ್ರೊಫೈಲ್, ಅಂದರೆ ಆ ಸಂಖ್ಯೆಗಳನ್ನು ಯಾವ ಬಣ್ಣ ಎಂದು ಓದಬೇಕೆಂಬ ಸೂಚನೆ, `sRGB` ಇದೆ ಎಂದೂ ನೋಡಿಕೊಂಡೆ. `Adobe RGB` ಫೈಲನ್ನು ಲ್ಯಾಬ್ `sRGB` ಎಂದು ಓದಿದರೆ ಬಣ್ಣ ಕಳೆಗುಂದುತ್ತದೆ. ಆದರೆ ಅದರಿಂದ ಬಿಳಿ ಅಂಗಿ ಗುಲಾಬಿಯಾಗುವುದಿಲ್ಲ.

ಕೊನೆಗೆ ಲಗತ್ತು. ಒಂದು ಹುಲ್ಲಿನ ಪ್ರಿಂಟ್, ಒಂದು ಗೋಡೆಯ ಪ್ರಿಂಟ್, ಎರಡನ್ನೂ ಬಿಳಿ ಹಾಳೆಯ ಮೇಲೆ ಪಕ್ಕಪಕ್ಕ ಇಟ್ಟು ಒಂದೇ ಫ್ರೇಮ್‌ನಲ್ಲಿ ತೆಗೆದೆ. ಈಗ ಮೊಬೈಲ್ ಏನೇ ತಿದ್ದಲಿ, ಎರಡಕ್ಕೂ ಸಮನಾಗಿ ತಿದ್ದುತ್ತದೆ. ನಡುವಿನ ವ್ಯತ್ಯಾಸ ಹಾಗೇ ಉಳಿಯುತ್ತದೆ. ಎರಡು ಅಂಗಿ, ಒಂದು ಬಿಳಿ, ಒಂದು ಗುಲಾಬಿ. ವಿವರಣೆಯೇ ಬೇಡ.

ಮೇಲ್ ಹೀಗಿತ್ತು. ವಿಷಯದ ಸಾಲಿನಲ್ಲಿ ಆರ್ಡರ್ ನಂಬರ್, ಅದರ ಮುಂದೆ "60ರಲ್ಲಿ 14 ಪ್ರಿಂಟ್‌ಗೆ ಮೆಜೆಂಟಾ ಛಾಯೆ, ರೀಪ್ರಿಂಟ್ ಕೋರಿಕೆ."

> ನಮಸ್ಕಾರ,
>
> ಈ ಆರ್ಡರ್‌ನ 60 ಪ್ರಿಂಟ್‌ಗಳಲ್ಲಿ 46 ಸರಿಯಾಗಿವೆ. ಹುಲ್ಲುಹಾಸಿನ ಮೇಲೆ ತೆಗೆದ 14ರಲ್ಲಿ ಮಾತ್ರ ಮೆಜೆಂಟಾ ಛಾಯೆ ಇದೆ. ಅವುಗಳ ಫೈಲ್ ಹೆಸರು ಮತ್ತು ಪ್ರಿಂಟ್‌ನ ಹಿಂದೆ ಅಚ್ಚಾಗಿರುವ ಸಾಲು ಕೆಳಗಿವೆ.
>
> ಲಗತ್ತಿಸಿದ ಚಿತ್ರದಲ್ಲಿ ಎಡಗಡೆ `DSC_0431.JPG`, ಬಲಗಡೆ `DSC_0418.JPG`. ಎರಡರಲ್ಲೂ ಇರುವುದು ಒಂದೇ ಬಿಳಿ ಅಂಗಿ. ಕಿಟಕಿಯ ಬೆಳಕಿನಲ್ಲಿ, ಒಂದೇ ಫ್ರೇಮ್‌ನಲ್ಲಿ ತೆಗೆದಿದ್ದೇನೆ. `DSC_0431.JPG` ಫೈಲ್‌ನಲ್ಲಿ ಕಾಲರ್ ಹತ್ತಿರ `R 226 G 225 B 222` ಇದೆ. ಫೈಲ್ `sRGB`.
>
> ಹಸಿರು ಹಿನ್ನೆಲೆಯಿಂದಾಗಿ ಆಟೋ ಕರೆಕ್ಷನ್ ಹೀಗೆ ಮಾಡಿರಬಹುದೇ? ದಯವಿಟ್ಟು ಮೊದಲು `DSC_0431.JPG` ಒಂದನ್ನು ಕರೆಕ್ಷನ್ ಇಲ್ಲದೆ ಪ್ರಿಂಟ್ ಮಾಡಿ, `DSC_0418.JPG` ಪ್ರಿಂಟ್ ಜೊತೆ ಇಟ್ಟು ನೋಡಿ. ಸರಿ ಇದ್ದರೆ ಈ 14ನ್ನೂ ಹಾಗೆಯೇ ಮರುಮುದ್ರಿಸಿ ಕಳಿಸಿಕೊಡಿ. ಹಳೆಯ ಪ್ರಿಂಟ್‌ಗಳು ಬೇಕಿದ್ದರೆ ವಾಪಸ್ ಕಳಿಸುತ್ತೇನೆ.

ಅವತ್ತೇ ಸಂಜೆ ಉತ್ತರ ಬಂತು. ಆಟೋ ಕರೆಕ್ಷನ್ ಆನ್ ಇತ್ತು, ಒಂದನ್ನು ಆಫ್ ಮಾಡಿ ಪ್ರಿಂಟ್ ತೆಗೆದು ನೋಡಿದೆವು, ವ್ಯತ್ಯಾಸ ಕಾಣುತ್ತಿದೆ, ಹದಿನಾಲ್ಕನ್ನೂ ಮತ್ತೆ ಕಳಿಸುತ್ತೇವೆ ಎಂದು.

ಮೂರೂ ಮೇಲ್ ಇಟ್ಟುಕೊಂಡು ನೋಡಿದರೆ ಕೆಲಸ ಮಾಡಿದ್ದು ಮುಖ್ಯವಾಗಿ ಎರಡು ಸಂಗತಿ. ಒಂದು, ಸ್ಕ್ರೀನ್ ಬಿಟ್ಟು ಅವರದೇ ಒಳ್ಳೆಯ ಪ್ರಿಂಟನ್ನು ಅಳತೆಗೋಲು ಮಾಡಿದ್ದು. 46 ಸರಿಯಾಗಿವೆ ಎಂದು ಮೊದಲ ಸಾಲಿನಲ್ಲೇ ಒಪ್ಪಿಕೊಂಡಿದ್ದರಿಂದ "ಸ್ಕ್ರೀನ್ ಬೇರೆ, ಕಾಗದ ಬೇರೆ" ಎಂಬ ಉತ್ತರಕ್ಕೆ ಜಾಗವೇ ಉಳಿಯಲಿಲ್ಲ. ಇನ್ನೊಂದು, ಕೇಳಿಕೆಯ ಅಳತೆ. "ಎಲ್ಲವನ್ನೂ ಮತ್ತೆ ಮಾಡಿ" ಎಂದಿದ್ದಕ್ಕೆ ಅವರು ಒಪ್ಪಿದ್ದರೂ ಅದೇ ಸೆಟ್ಟಿಂಗ್‌ನಲ್ಲಿ ಅದೇ ಗುಲಾಬಿ ಮುಖಗಳು ಬರುತ್ತಿದ್ದವು. ಒಂದು ಪ್ರಿಂಟ್ ಪರೀಕ್ಷೆ ಮಾಡಿ ಎಂದರೆ ಯಾರಿಗೂ ಭಾರವಲ್ಲ. ಕಾರಣವನ್ನು ಪ್ರಶ್ನೆಯ ರೂಪದಲ್ಲಿ ಇಟ್ಟಿದ್ದೂ ಒಳ್ಳೆಯದೇ ಆಯಿತು ಅನ್ನಿಸುತ್ತದೆ. ಅವರ ಮಷಿನ್ ಬಗ್ಗೆ ನನಗಿಂತ ಅವರಿಗೇ ಚೆನ್ನಾಗಿ ಗೊತ್ತು, ಅಲ್ವಾ?

ನಾಲ್ಕನೆಯ ದಾರಿಯೂ ಇದೆ: ಕೆಟ್ಟ ಪ್ರಿಂಟನ್ನೇ ಕೊರಿಯರ್‌ನಲ್ಲಿ ಕಳಿಸುವುದು. ನಾನು ಈ ಸಲ ಹಾಗೆ ಮಾಡಲಿಲ್ಲ. ಆದರೆ ಆರ್ಡರ್ ಪೂರ್ತಿ ಒಂದೇ ಸಮ ವಾಲಿದ್ದರೆ ನನ್ನ ಮೂರನೆಯ ಮೇಲ್ ಅಷ್ಟು ಗಟ್ಟಿಯಾಗಿ ನಿಲ್ಲುವುದಿಲ್ಲ. ಪಕ್ಕದಲ್ಲಿಡಲು ಒಳ್ಳೆಯ ಪ್ರಿಂಟೇ ಇರುವುದಿಲ್ಲವಲ್ಲ. ಅದೇ ಲ್ಯಾಬ್‌ನಲ್ಲಿ, ಅದೇ ಬಗೆಯ ಪೇಪರ್‌ನಲ್ಲಿ ಹಿಂದೆ ಮಾಡಿಸಿದ್ದು ಮನೆಯಲ್ಲಿದ್ದರೆ ಅದನ್ನು ಇಡಬಹುದು. ಅದೂ ಇಲ್ಲದಿದ್ದರೆ ಕಾಗದವೇ ಅವರ ಕೈ ಸೇರಬೇಕು. ತಡವಾದರೂ ಅವರು ತಮ್ಮ ಬೆಳಕಿನಲ್ಲಿ ತಾವೇ ನೋಡುತ್ತಾರೆ.

ರೀಪ್ರಿಂಟ್ ಬಂದಾಗ ಮತ್ತೆ ಅದೇ ಕಿಟಕಿಯ ಬಳಿ ಇಟ್ಟು ನೋಡಿದೆ. ಅಂಗಿ ಬೆಳ್ಳಗಿತ್ತು, ಹುಲ್ಲು ಹುಲ್ಲಿನ ಹಾಗಿತ್ತು. ಒಂದು ಪ್ರಿಂಟ್ ಮಾತ್ರ ಮೊದಲಿಗಿಂತ ಕಪ್ಪಗಾಗಿತ್ತು. ಫೈಲ್ ತೆರೆದು ನೋಡಿದರೆ ಅದು ಮೊದಲಿಂದಲೂ ಬೆಳಕು ಸಾಲದ ಫೋಟೋ. ಆಟೋ ಕರೆಕ್ಷನ್ ಬಣ್ಣ ಕೆಡಿಸಿದ್ದರೂ ಅದನ್ನು ಒಂದಿಷ್ಟು ಬೆಳಗಿಸಿ ಕೊಟ್ಟಿತ್ತು. ಅದಕ್ಕೆ ಲ್ಯಾಬ್‌ನವರನ್ನು ಕೇಳುವುದು ನ್ಯಾಯವಲ್ಲ. ಫೈಲ್ ನಾನೇ ಬೆಳಗಿಸಿ, ಆ ಒಂದನ್ನು ಹೊಸದಾಗಿ ಆರ್ಡರ್ ಮಾಡಿದೆ. ಕರೆಕ್ಷನ್ ಬೇಡ ಎಂದು ಟಿಪ್ಪಣಿಯನ್ನೂ ಸೇರಿಸಿದೆ.