ದಾವಣಗೆರೆಲಿ ಒಂದು ಫ್ರಿಜ್‌ಗೆ ಎರಡು ಸಲ ದುಡ್ಡು ಕಟ್ ಆಯ್ತು, ವಾಪಸ್ ಬರೋಕೆ 83 ದಿನ

ಮಂಡಿಪೇಟೆ ಕಡೆ ಒಂದು ಅಂಗಡಿಲಿ ಭಾನುವಾರ ಸಂಜೆ ಫ್ರಿಜ್ ತಗೊಂಡ್ವಿ, ಬಿಲ್ಲು 23,490 ರೂಪಾಯಿ. ಡೆಬಿಟ್ ಕಾರ್ಡ್ ಹಾಕಿ ಪಿನ್ ಒತ್ತಿದೆ, ಮಷೀನು ಕೀಂಯ್ ಅಂತು, ಆದ್ರೆ ಸ್ಲಿಪ್ ಬರ್ಲಿಲ್ಲ. ಕೌಂಟರ್ ಹುಡುಗ ಮುಚ್ಚಳ ತೆಗೆದು ನೋಡ್ದ, ಪೇಪರ್ ರೋಲ್ ಖಾಲಿ, ಬರೀ ಪ್ಲಾಸ್ಟಿಕ್ ಕೊಳವೆ ಉಳಿದಿತ್ತು. ಹೊಸ ರೋಲ್ ಹಾಕಿ "ಹೋಗಿಲ್ಲ ಅನ್ಸುತ್ತೆ ಸರ, ಇನ್ನೊಂದ್ಸಲ ಪಿನ್ ಹಾಕ್ರಿ" ಅಂದ. ನನ್ನ ಫೋನಿಗೂ ಮೆಸೇಜ್ ಬಂದಿರ್ಲಿಲ್ಲ, ಒಳಗಡೆ ನೆಟ್ವರ್ಕ್ ಅಷ್ಟಕ್ಕಷ್ಟೇ, ನಾನೂ ಹಾಕ್ಬಿಟ್ಟೆ. ಸ್ಲಿಪ್ ಬಂತು, ಸೈನ್ ಮಾಡಿ ಹೊರಗೆ ಬಂದು ಗಾಡಿ ಸ್ಟಾರ್ಟ್ ಮಾಡೋವಾಗ ಎರಡು ಮೆಸೇಜ್ ಒಟ್ಟಿಗೆ ಬಿದ್ವು, ಎರಡರಲ್ಲೂ 23,490.

ತಕ್ಷಣ ಒಳಗೆ ಹೋಗಿ ತೋರಿಸ್ದೆ. "ಡಬಲ್ ಆಗಿದ್ರೆ ತಾನಾಗೇ ವಾಪಸ್ ಬರುತ್ತೆ ಸರ, ಐದಾರು ದಿನ ನೋಡ್ರಿ" ಅಂದ್ರು ಮಾಲೀಕರು. ಈ ಮಾತು ನಂಬಿದ್ದೇ ನಾನು ಮಾಡಿದ ದೊಡ್ಡ ತಪ್ಪು, ಅದಕ್ಕೇ ಇಷ್ಟುದ್ದ ಬರೀತಿರೋದು.

ತಾನಾಗೇ ವಾಪಸ್ ಬರೋದು ವಹಿವಾಟು ಅರ್ಧಕ್ಕೆ ನಿಂತಾಗ ಮಾತ್ರ, ಅಂದ್ರೆ ನಮ್ಮ ಖಾತೆಲಿ ಕಟ್ ಆಗಿ ಅಂಗಡಿ ಮಷೀನಿಗೆ ಉತ್ತರ ತಲುಪದೇ ಇದ್ದಾಗ. ಅಂಥದ್ದಕ್ಕೆ ಆರ್‌ಬಿಐದು 2019ರ ನಿಯಮ ಇದೆ, ವಹಿವಾಟಿನ ದಿನ ಬಿಟ್ಟು 5 ದಿನದೊಳಗೆ ಬ್ಯಾಂಕೇ ವಾಪಸ್ ಹಾಕ್ಬೇಕು, ತಡ ಆದ್ರೆ ದಿನಕ್ಕೆ 100 ರೂಪಾಯಿ ಪರಿಹಾರ ಕೊಡ್ಬೇಕು. ನಂದು ಹಂಗಲ್ಲ. ಮಷೀನಿಗೆ ಅಪ್ರೂವಲ್ ಬಂದಿತ್ತು, ಪೇಪರ್ ಇಲ್ದೆ ಪ್ರಿಂಟ್ ಆಗಿರ್ಲಿಲ್ಲ ಅಷ್ಟೇ. ಬ್ಯಾಂಕಿನ ಕಂಪ್ಯೂಟರಿಗೆ ಅದು ಸರಿಯಾಗಿ ನಡೆದ ಎರಡು ವ್ಯಾಪಾರ, ವಾಪಸ್ ಹಾಕೋಕೆ ಅದಕ್ಕೆ ಕಾರಣವೇ ಇಲ್ಲ.

ನಿಮ್ದು ಯಾವುದು ಅಂತ ಅಂಗಡಿಲೇ ಗೊತ್ತಾಗುತ್ತೆ. ಮಷೀನಲ್ಲಿ ರೀಪ್ರಿಂಟ್ ಅಂತ ಇರುತ್ತೆ, ಆ ದಿನದ ವಹಿವಾಟುಗಳ ರಿಪೋರ್ಟೂ ತೆಗೀಬಹುದು. ಅದರಲ್ಲಿ ನಿಮ್ಮ ಮೊತ್ತ ಎರಡು ಸಲ ಇದ್ರೆ, ಎರಡಕ್ಕೂ ಬೇರೆ ಬೇರೆ ಆರ್‌ಆರ್‌ಎನ್ ಇದ್ರೆ (ಪ್ರತಿ ವಹಿವಾಟಿಗೂ ಬರೋ 12 ಅಂಕಿ ನಂಬರ್ ಅದು, ಸ್ಲಿಪ್ಪಲ್ಲಿರುತ್ತೆ), ಎರಡೂ ನಿಜವಾಗಿ ಹೋಗಿವೆ. ಆಗ ಅಲ್ಲೇ ನಿಂತು ಒಂದನ್ನ ವಾಯ್ಡ್, ಅಂದ್ರೆ ಮಷೀನಲ್ಲೇ ರದ್ದು, ಮಾಡ್ಸಿ. ದಿನದ ಕೊನೆಗೆ ಮಷೀನು ಸೆಟಲ್‌ಮೆಂಟ್ ಆಗೋ ತನಕ ಮಾತ್ರ ವಾಯ್ಡ್ ಆಗುತ್ತೆ, ಆಮೇಲೆ ದುಡ್ಡು ಅಂಗಡಿ ಖಾತೆ ದಾರಿ ಹಿಡಿಯುತ್ತೆ, ಅಂಗಡಿಯವ್ರು ರೀಫಂಡ್ ಅಂತ ಬೇರೆಯಾಗಿ ಮಾಡ್ಬೇಕಾಗುತ್ತೆ. ನಾನು ಹೋದಾಗ ಇನ್ನೂ ಏಳೂವರೆ ಗಂಟೆ, ಎರಡು ನಿಮಿಷದ ಕೆಲಸ ಆಗಿತ್ತು. ನಮಗೆ ಆಗ ಗೊತ್ತಿರ್ಲಿಲ್ಲ.

ಒಂದು ವಾರ ಕಾದೆ, ಬರ್ಲಿಲ್ಲ. ಆ ದುಡ್ಡು ಮಗಳ ಹಾಸ್ಟೆಲ್ ಫೀಸಿಗೆ ಇಟ್ಟಿದ್ದು, ಭಾವನ ಹತ್ರ ಸಾಲ ಕೇಳಿ ಕಟ್ದೆ. ಕಾರ್ಡ್ ಹಿಂದೆ ಇರೋ ನಂಬರಿಗೆ ಫೋನ್ ಮಾಡಿ (ಗೂಗಲಲ್ಲಿ ಹುಡುಕಿದ ನಂಬರಿಗೆ ದಯವಿಟ್ಟು ಮಾಡ್ಬೇಡಿ, ಅಲ್ಲಿ ಕಳ್ರು ಕೂತಿರ್ತಾರೆ) ಕಂಪ್ಲೇಂಟ್ ಕೊಟ್ಟೆ. ಏನಾಯ್ತು ಅಂದ್ರು, "ಸ್ಲಿಪ್ ಬರ್ಲಿಲ್ಲ, ದುಡ್ಡು ಕಟ್ ಆಯ್ತು" ಅಂದೆ. ಇದು ನನ್ನ ಎರಡನೇ ತಪ್ಪು. ಆಯಮ್ಮ ಅದನ್ನ ಫೇಲ್ ಆದ ವಹಿವಾಟು ಅಂತ ಬರ್ಕೊಂಡ್ರು, ಒಂಬತ್ತು ದಿನ ಬಿಟ್ಟು "ನಿಮ್ಮ ವಹಿವಾಟು ಯಶಸ್ವಿಯಾಗಿದೆ, ದೂರು ಮುಕ್ತಾಯ" ಅಂತ ಮೆಸೇಜ್ ಬಂತು. ಅವ್ರು ಹೇಳಿದ್ದು ಅವರ ಲೆಕ್ಕದಲ್ಲಿ ಸರಿನೇ, ನಾನು ಕೇಳಿದ್ದೇ ತಪ್ಪು ಪ್ರಶ್ನೆ.

ಬ್ರಾಂಚಿಗೆ ಹೋದಾಗ ಅಲ್ಲಿನ ಮೇಡಂ ಒಬ್ರು ಎರಡು ನಿಮಿಷದಲ್ಲಿ ಅರ್ಥ ಮಾಡ್ಕೊಂಡ್ರು. "ಇದು ಡೂಪ್ಲಿಕೇಟ್ ಚಾರ್ಜ್ ಸರ, ಚಾರ್ಜ್‌ಬ್ಯಾಕ್ ಹಾಕ್ಬೇಕು" ಅಂದ್ರು, ಅಂದ್ರೆ ಅಂಗಡಿ ಕಡೆಯಿಂದ ದುಡ್ಡು ವಾಪಸ್ ಕೊಡಿಸಿ ಅಂತ ನಮ್ಮ ಬ್ಯಾಂಕು ಹಾಕೋ ಕೇಸು, ಅದಕ್ಕೆ ಡಿಸ್ಪ್ಯೂಟ್ ಫಾರಂ ಕೊಟ್ರು. ಫ್ರಾಡ್ ಅಂತ ಮಾತ್ರ ಟಿಕ್ ಮಾಡ್ಬೇಡಿ ಅಂತಾನೂ ಹೇಳಿದ್ರು, ಯಾಕಂದ್ರೆ ನನ್ನ ಕಾರ್ಡು ನನ್ನ ಪಿನ್ನು, ಫ್ರಾಡ್ ಅಂದ್ರೆ ಕಾರ್ಡೂ ಬ್ಲಾಕ್ ಆಗುತ್ತೆ ಕೇಸೂ ನಿಲ್ಲಲ್ಲ. ಎರಡೂ ಎಂಟ್ರಿ ಇರೋ ಸ್ಟೇಟ್‌ಮೆಂಟು, ನನ್ನ ಹತ್ರ ಇದ್ದ ಒಂದು ಸ್ಲಿಪ್ಪು, ಒಂದೇ ಒಂದು ಜಿಎಸ್‌ಟಿ ಬಿಲ್ಲು ಕೊಟ್ಟೆ. ಇದಕ್ಕೆ ಗಡುವೂ ಇದೆ, ವೀಸಾ ಕಾರ್ಡಿಗೆ 120 ದಿನ, ಮಾಸ್ಟರ್‌ಕಾರ್ಡಿಗೆ 90 ದಿನ, ಅದೂ ನಮ್ಮ ಬ್ಯಾಂಕು ಕೇಸ್ ಹಾಕೋಕೆ ಇರೋ ಗಡುವು, ಹಂಗಾಗಿ ಅಂಗಡಿಯವ್ರು ನಾಳೆ ನಾಡಿದ್ದು ಅಂತ ಎಳೆದಾಡ್ತಿದ್ರೆ ಆ ದಿನಗಳೂ ಇದರಲ್ಲೇ ಕರಗುತ್ವೆ.

29ನೇ ದಿನ 23,490 ಖಾತೆಗೆ ಬಂತು! ಮನೆಲಿ ಎಲ್ರಿಗೂ ಹೇಳ್ದೆ, ಭಾವನಿಗೆ ವಾಪಸ್ ಕೊಡೋಕೂ ಹೊರಟಿದ್ದೆ. ಮೇಡಂ ಫೋನಲ್ಲಿ "ಇದು ತಾತ್ಕಾಲಿಕ ಕ್ರೆಡಿಟ್ ಸರ, ಈಗ್ಲೇ ಖರ್ಚು ಮಾಡ್ಬೇಡಿ" ಅಂದ್ರು, ಪುಣ್ಯಕ್ಕೆ ನಿಂತೆ. ಯಾಕಂದ್ರೆ ನಮ್ಮ ಬ್ಯಾಂಕು ಹಾಕಿದ ಕೇಸು ಅಂಗಡಿಗೆ ಮಷೀನ್ ಕೊಟ್ಟಿರೋ ಬ್ಯಾಂಕಿಗೆ ಹೋಗುತ್ತೆ, ಅವ್ರು ಅಂಗಡಿಯವ್ರನ್ನ ಕೇಳ್ತಾರೆ, ಅಂಗಡಿಯವ್ರು ಸುಮ್ನಿದ್ರೆ ಅಥವಾ ಒಪ್ಕೊಂಡ್ರೆ ದುಡ್ಡು ನಮ್ದು, ಇಲ್ಲ ಅಂತ ದಾಖಲೆ ಕಳಿಸಿದ್ರೆ ವಾದ ಮುಂದುವರಿಯುತ್ತೆ. ಈ ಅಂಗಡಿ ಅಕೌಂಟೆಂಟು ಮಷೀನಿಂದ ಎರಡು ಸ್ಲಿಪ್ ರೀಪ್ರಿಂಟ್ ತೆಗೆದು "ಎರಡು ಬೇರೆ ವ್ಯಾಪಾರ" ಅಂತ ಕಳಿಸ್ಬಿಟ್ಟಿದ್ದ. 52ನೇ ದಿನ ಆ ಕ್ರೆಡಿಟ್ ಮತ್ತೆ ಕಟ್ ಆಯ್ತು. ಅವತ್ತು ನಿಜವಾಗ್ಲೂ ಕಣ್ಣಲ್ಲಿ ನೀರು ಬಂತು.

ಬ್ಯಾಂಕಿಂದ ಬಂದ ಇಮೇಲಲ್ಲಿ ಅಂಗಡಿಯವ್ರು ಕಳಿಸಿದ ಪೇಪರೂ ಇತ್ತು, ಏಳು ದಿನದಲ್ಲಿ ಉತ್ತರ ಕೊಡಿ ಅಂತ ಬರೆದಿತ್ತು. ಕೂತು ಸರಿಯಾಗಿ ನೋಡ್ದೆ. ಎರಡು ಸ್ಲಿಪ್ಪು, ಒಂದು 7.12ಕ್ಕೆ, ಇನ್ನೊಂದು 7.16ಕ್ಕೆ. ಬಿಲ್ಲು ಒಂದೂ ಇರ್ಲಿಲ್ಲ. ಸ್ಲಿಪ್ ಹೇಳೋದು ಕಾರ್ಡ್ ಉಜ್ಜಿದ್ರು ಅಂತ ಮಾತ್ರ, ಸಾಮಾನು ಕೊಟ್ಟಿದ್ದಕ್ಕೆ ಅದು ಸಾಕ್ಷಿ ಅಲ್ಲ. ನನ್ನ ಬಿಲ್ಲಲ್ಲಿ ಒಂದೇ ಫ್ರಿಜ್ಜಿದೆ, ಅದರ ಸೀರಿಯಲ್ ನಂಬರ್ ಇದೆ. ಫ್ರಿಜ್ ಬಾಗಿಲು ತೆಗೆದು ಒಳಗಿನ ಸ್ಟಿಕರ್ ಫೋಟೋ ತೆಗೆದೆ, ಅದೇ ನಂಬರ್ರು. ಡೆಲಿವರಿ ಚೀಟಿಲೂ ಅದೇ. ನಾಲ್ಕೇ ಸಾಲು ಬರೆದೆ: ಎರಡನೇ ವ್ಯಾಪಾರ ಆಗಿದ್ರೆ ಅದರ ಬಿಲ್ ನಂಬರ್ರೂ ಎರಡನೇ ಫ್ರಿಜ್ಜಿನ ಸೀರಿಯಲ್ ನಂಬರ್ರೂ ಅಂಗಡಿಯವ್ರು ಕೊಡ್ಲಿ. ನಮ್ಮ ಬ್ಯಾಂಕು ಅದನ್ನಿಟ್ಕೊಂಡು ಮತ್ತೆ ಕೇಸ್ ಎತ್ತಿತು.

ಅಷ್ಟರಲ್ಲಿ ಅಂಗಡಿ ಮಾಲೀಕರು ಫೋನ್ ಮಾಡಿ "ಬರ್ರಿ ಸರ, ಹದಿನೈದು ಸಾವಿರ ಕ್ಯಾಶ್ ಕೊಡ್ತೀನಿ, ಕೇಸ್ ವಾಪಸ್ ತಗೊಳ್ರಿ" ಅಂದ್ರು. ಒಪ್ಪಲಿಲ್ಲ. ಹಿಂಗೆ ಕ್ಯಾಶ್ ಇಸ್ಕೊಂಡು ಕೇಸನ್ನೂ ನಡೆಸಿದ್ರೆ ನಮ್ದೇ ತಪ್ಪಾಗುತ್ತೆ, ಕೇಸ್ ಬಿಟ್ರೆ ಉಳಿದದ್ದು ಹೋಗುತ್ತೆ, ಕೊಡೋದಿದ್ರೆ ಪೂರ್ತಿ ಮೊತ್ತ ಅದೇ ಕಾರ್ಡಿಗೆ ರೀಫಂಡ್ ಮಾಡ್ಲಿ ಅಂದೆ. ಬ್ಯಾಂಕು ಕೈ ಎತ್ತಿದ್ರೆ cms.rbi.org.in ಅಲ್ಲಿ, ಬ್ಯಾಂಕುಗಳ ಮೇಲಿನ ದೂರು ನೋಡೋ ಆರ್‌ಬಿಐ ಓಂಬುಡ್ಸ್‌ಮನ್‌ಗೆ ಹಾಕೋಣ ಅಂತ ಪೇಪರ್ ಎಲ್ಲಾ ಸ್ಕ್ಯಾನ್ ಮಾಡಿಟ್ಟಿದ್ದೆ. ಮೊದ್ಲು ಬ್ಯಾಂಕಿಗೆ ಲಿಖಿತ ದೂರು ಕೊಟ್ಟು 30 ದಿನ ಕಳೆದಿರ್ಬೇಕು, ಇಲ್ಲಾ ಅವ್ರು ಆಗಲ್ಲ ಅಂದಿರ್ಬೇಕು, ಆಮೇಲೇ ಅಲ್ಲಿ ತಗೋತಾರೆ.

ಅದು ಬೇಕಾಗ್ಲಿಲ್ಲ. 83ನೇ ದಿನ ಮಧ್ಯಾಹ್ನ ದುಡ್ಡು ಮತ್ತೆ ಬಂತು, ಸಂಜೆ ಬ್ಯಾಂಕಿಂದ ಇಮೇಲು, ಈ ಸಲ ಅದರಲ್ಲಿ ತಾತ್ಕಾಲಿಕ ಅನ್ನೋ ಪದ ಇರ್ಲಿಲ್ಲ. ಆಮೇಲೇ ಭಾವನ ಮನೆಗೆ ಹೋಗಿ ಸಾಲ ತೀರಿಸಿ ಬಂದೆ.