ಇನ್‌ಸ್ಟಂಟ್ ಗೀಸರೋ, ಸ್ಟೋರೇಜ್ ಗೀಸರೋ: ಒಂದು ಸ್ನಾನದ ವಿದ್ಯುತ್ ಖರ್ಚು

ಕಿಲೋವ್ಯಾಟ್ ಸಾಮರ್ಥ್ಯವನ್ನು ನಿಮಿಷಗಳಿಂದ ಗುಣಿಸಿ 60ರಿಂದ ಭಾಗಿಸಿದರೆ ಯೂನಿಟ್ ಸಿಗುತ್ತದೆ. ಅದನ್ನು ದರದಿಂದ ಗುಣಿಸಿದರೆ ಖರ್ಚು. ಯೂನಿಟ್‌ಗೆ 7 ರೂಪಾಯಿ ಎಂದಿಟ್ಟುಕೊಳ್ಳೋಣ.

3 ಕಿಲೋವ್ಯಾಟ್‌ನ ಇನ್‌ಸ್ಟಂಟ್ ಗೀಸರ್ 10 ನಿಮಿಷ ಉರಿದರೆ ಅರ್ಧ ಯೂನಿಟ್, ಅಂದರೆ 3.50 ರೂಪಾಯಿ. 2 ಕಿಲೋವ್ಯಾಟ್‌ನ 15 ಲೀಟರ್ ಸ್ಟೋರೇಜ್ ಗೀಸರ್, 25 ಡಿಗ್ರಿಯ ನೀರನ್ನು 60 ಡಿಗ್ರಿಗೆ ಏರಿಸಲು ಸುಮಾರು 18 ನಿಮಿಷ ತೆಗೆದುಕೊಳ್ಳುವುದರಿಂದ 0.6 ಯೂನಿಟ್, ಅಂದರೆ 4.20 ರೂಪಾಯಿ ಆಗುತ್ತದೆ. ಆದರೆ ಇದಕ್ಕೆ ತಣ್ಣೀರು ಬೆರೆಸಿದರೆ 40 ಡಿಗ್ರಿಯ ಸುಮಾರು 35 ಲೀಟರ್ ನೀರು ದೊರೆಯುತ್ತದೆ. ಇನ್‌ಸ್ಟಂಟ್ ಕೊಡುವುದು ಸುಮಾರು 28 ಲೀಟರ್. ಹಾಗಾಗಿ ಲೀಟರಿನ ಲೆಕ್ಕದಲ್ಲಿ ಎರಡೂ ಹೆಚ್ಚುಕಡಿಮೆ ಸಮ.

ನಿಜವಾದ ವ್ಯತ್ಯಾಸವಿರುವುದು ಉಳಿದ ಬಿಸಿನೀರಿನಲ್ಲಿ: ಒಬ್ಬರೇ ಬಳಸಿ ಅರ್ಧ ಟ್ಯಾಂಕ್ ಆರಲು ಬಿಟ್ಟರೆ ಆ ವಿದ್ಯುತ್ ವ್ಯರ್ಥ. ಒಬ್ಬರಿರುವ ಮನೆಗೆ ಇನ್‌ಸ್ಟಂಟನ್ನೇ ಆರಿಸುವೆನು.