ಅಮ್ಮನ ಎರಡು ಹೆಸರು, ಒಂದು ವಿಮಾನ ಟಿಕೆಟ್: ನಾವು ಮಾಡಿದ ತಪ್ಪನ್ನು ನೀವು ಮಾಡಬೇಡಿ

ಕಳೆದ ಫೆಬ್ರವರಿಯಲ್ಲಿ ಅಮ್ಮನನ್ನು ಕಾಶಿಗೆ ಕರೆದುಕೊಂಡು ಹೋಗುವಾಗ ಬೆಂಗಳೂರಿನ ವಿಮಾನ ನಿಲ್ದಾಣದ ಬಾಗಿಲಲ್ಲೇ ನಮ್ಮನ್ನು ತಡೆದರು. ತಪ್ಪು ಭದ್ರತಾ ಸಿಬ್ಬಂದಿಯದಲ್ಲ, ನನ್ನದು. ನಮ್ಮ ಕಡೆಯ ಅನೇಕ ಮನೆಗಳಲ್ಲಿ ಇದೇ ತಪ್ಪು ನಡೆಯುವ ಸಾಧ್ಯತೆ ಇರುವುದರಿಂದ ವಿವರವಾಗಿ ಬರೆಯುತ್ತಿದ್ದೇನೆ.

ನಮ್ಮ ತಾಯಿಗೆ ತವರಿನಲ್ಲಿ ಇಟ್ಟ ಹೆಸರು ಕಮಲಾಕ್ಷಿ. ಮದುವೆಯಲ್ಲಿ ಅಕ್ಕಿಯ ಮೇಲೆ ಹೊಸ ಹೆಸರು ಬರೆಸಿ ಶಾರದಾ ಎಂದು ಕರೆದರು. ಐವತ್ತು ವರ್ಷಗಳಿಂದ ಬಂಧುಗಳಿಗೆ, ನೆರೆಹೊರೆಗೆ, ಲಗ್ನಪತ್ರಿಕೆಗಳಿಗೆ ಅವರು ಶಾರದಾ. ಮತದಾರರ ಗುರುತಿನ ಚೀಟಿಯಲ್ಲೂ ಅದೇ ಹೆಸರಿದೆ. ಆದರೆ ಆಧಾರ್ ಮಾಡಿಸುವಾಗ ಶಾಲೆಯ ದಾಖಲೆ ಕೊಟ್ಟಿದ್ದರಿಂದ ಅದರಲ್ಲಿ ಕಮಲಾಕ್ಷಿ ಎಂಬ ಒಂದೇ ಹೆಸರು, ಇನಿಷಿಯಲ್ ಕೂಡ ಇಲ್ಲದೆ, ಮುದ್ರಣವಾಗಿದೆ. ನಾನು ಟಿಕೆಟ್ ಏಜೆಂಟರಿಗೆ ಫೋನಿನಲ್ಲಿ ಅಮ್ಮನ ಹೆಸರು ಹೇಳುವಾಗ, ಮಗನ ಬಾಯಿಗೆ ಸಹಜವಾಗಿ ಬರುವ ಶಾರದಾ ಎಂಬ ಹೆಸರನ್ನೇ ಹೇಳಿದೆ. ಅರ್ಜಿಯಲ್ಲಿ ಕೊನೆಯ ಹೆಸರು ಕಡ್ಡಾಯವಾಗಿದ್ದರಿಂದ ಅವರು ಅಲ್ಲಿ ನನ್ನ ಹೆಸರನ್ನು ಸೇರಿಸಿದರು. ಹೀಗೆ ಟಿಕೆಟ್‌ನಲ್ಲಿ ಹುಟ್ಟಿಕೊಂಡ ವ್ಯಕ್ತಿ ಯಾವ ಗುರುತಿನ ಚೀಟಿಯಲ್ಲೂ ಇರಲಿಲ್ಲ. ಟಿಕೆಟ್ ಕೈಸೇರಿದಾಗ ನಾನು ದಿನಾಂಕ ಮತ್ತು ಸಮಯ ನೋಡಿದೆನೇ ಹೊರತು ಹೆಸರುಗಳನ್ನು ಓದಲಿಲ್ಲ.

ಹತ್ತು ಇಪ್ಪತ್ತರ ವಿಮಾನಕ್ಕೆ ನಾವು ಎಂಟು ಗಂಟೆಯ ಹೊತ್ತಿಗೆ ನಿಲ್ದಾಣ ತಲುಪಿದ್ದೆವು. ಪ್ರವೇಶದ್ವಾರದಲ್ಲಿ ಸಿಐಎಸ್‌ಎಫ್ ಸಿಬ್ಬಂದಿ ಪ್ರತಿಯೊಬ್ಬರ ಟಿಕೆಟನ್ನೂ ಮೂಲ ಗುರುತಿನ ಚೀಟಿಯನ್ನೂ ಪಕ್ಕಪಕ್ಕದಲ್ಲಿ ಹಿಡಿದು ಹೋಲಿಸುತ್ತಾರೆ. ನನ್ನದು, ಹೆಂಡತಿಯದು ಸರಿಯಾಯಿತು. ಅಮ್ಮನ ಆಧಾರ್ ನೋಡಿದವರು ಟಿಕೆಟ್‌ನಲ್ಲಿರುವುದು ಬೇರೆ ಯಾರೋ ಎಂದರು. ನಾನು ಮದುವೆಯಲ್ಲಿ ಹೆಸರು ಬದಲಾದ ಕಥೆ ಹೇಳತೊಡಗಿದೆ. ಅವರು ತಾಳ್ಮೆಯಿಂದ ಕೇಳಿಸಿಕೊಂಡು, ವಿಮಾನ ಸಂಸ್ಥೆಯ ಹೊರಗಿನ ಟಿಕೆಟ್ ಕೌಂಟರ್ ಕಡೆಗೆ ಕೈ ತೋರಿಸಿದರು. ಶಾರದಾ ಎಂದಿರುವ ಮತದಾರರ ಚೀಟಿ ಜೊತೆಗಿದ್ದಿದ್ದರೆ ಮಾತನಾಡಲು ಏನಾದರೂ ಆಸರೆ ಇರುತ್ತಿತ್ತು. ಅದು ಶಿವಮೊಗ್ಗದ ಮನೆಯ ಬೀರುವಿನಲ್ಲಿ ಭದ್ರವಾಗಿತ್ತು.

ಕೌಂಟರಿನಲ್ಲಿದ್ದ ಹುಡುಗಿ ಕನ್ನಡದವಳು. "ಸರ್, ಅದೇ ವ್ಯಕ್ತಿಯ ಹೆಸರಿನಲ್ಲಿ ಎರಡು ಮೂರು ಅಕ್ಷರ ಹೆಚ್ಚುಕಡಿಮೆ ಆಗಿದ್ದರೆ ನಾವೇ ತಿದ್ದಿಕೊಡುತ್ತೇವೆ. ಇಲ್ಲಿ ಪೂರ್ತಿ ಹೆಸರೇ ಬೇರೆ. ಇದನ್ನು ಬದಲಾಯಿಸಿದರೆ ಒಬ್ಬರ ಟಿಕೆಟನ್ನು ಇನ್ನೊಬ್ಬರಿಗೆ ಕೊಟ್ಟ ಹಾಗಾಗುತ್ತದೆ" ಎಂದಳು. ವಿಮಾನದ ಟಿಕೆಟ್ ವರ್ಗಾವಣೆ ಮಾಡುವಂಥದ್ದಲ್ಲ ಎಂಬ ನಿಯಮದ ಮುಂದೆ ನನ್ನ ವಾದಕ್ಕೆ ಬೆಲೆ ಇರಲಿಲ್ಲ. ಅದೇ ವಿಮಾನದಲ್ಲಿ ಸೀಟು ಉಳಿದಿದ್ದರಿಂದ ಹೊಸ ಟಿಕೆಟ್ ಕೊಂಡೆವು. ಮೊದಲಿನದಕ್ಕೆ 5,600 ರೂಪಾಯಿ ಕೊಟ್ಟಿದ್ದೆ, ಈಗ 11,300. ಆಧಾರ್‌ನಲ್ಲಿ ಒಂದೇ ಹೆಸರಿದ್ದುದರಿಂದ ಆಕೆ ಮೊದಲ ಹೆಸರು ಮತ್ತು ಕೊನೆಯ ಹೆಸರು ಎರಡೂ ಕಡೆ ಕಮಲಾಕ್ಷಿ ಎಂದೇ ತುಂಬಿದಳು. ಒಂಟಿ ಹೆಸರಿನವರಿಗೆ ಈ ಕ್ರಮ ಸಂಸ್ಥೆಯಿಂದ ಸಂಸ್ಥೆಗೆ ಬೇರೆಯಾಗಬಹುದು, ಆದ್ದರಿಂದ ಬುಕ್ ಮಾಡುವ ಮೊದಲೇ ಆಯಾ ಸಂಸ್ಥೆಯನ್ನು ಕೇಳಿಕೊಳ್ಳುವುದು ಕ್ಷೇಮ. ನಾವು ಹಣ ಪಾವತಿಸಿ ಮುಗಿಸುವಾಗ ಒಂಬತ್ತು ಗಂಟೆಯಾಗಿತ್ತು. ದೇಶದೊಳಗಿನ ವಿಮಾನಗಳ ಚೆಕ್-ಇನ್ ಕೌಂಟರ್‌ಗಳು ಸಾಮಾನ್ಯವಾಗಿ ಹೊರಡುವುದಕ್ಕೆ 60 ನಿಮಿಷ ಮೊದಲು ಮುಚ್ಚುತ್ತವೆ. ನಮಗೆ ಉಳಿದದ್ದು ಇಪ್ಪತ್ತು ನಿಮಿಷ.

ಏಜೆಂಟರ ಮೂಲಕ ಹೋಗದೆ ಸಂಸ್ಥೆಯ ಜಾಲತಾಣದಲ್ಲೇ ಟಿಕೆಟ್ ಕೊಂಡಿದ್ದರೆ, 24 ಗಂಟೆಯೊಳಗೆ ತಿಳಿಸಿದಾಗ ಅದೇ ವ್ಯಕ್ತಿಯ ಹೆಸರಿನ ಕಾಗುಣಿತದ ತಪ್ಪನ್ನು ಶುಲ್ಕವಿಲ್ಲದೆ ತಿದ್ದಬೇಕು ಎಂದು ನಾಗರಿಕ ವಿಮಾನಯಾನ ಮಹಾನಿರ್ದೇಶನಾಲಯ ನಿಯಮ ಮಾಡಿದೆ. ನಮ್ಮಂಥ ಪೂರ್ತಿ ಬೇರೆ ಹೆಸರಿಗೆ ಅದು ಅನ್ವಯಿಸದಿದ್ದರೂ, ಊರಿನ ಮತ್ತು ತಂದೆಯ ಇನಿಷಿಯಲ್‌ಗಳನ್ನು ಹಿಂದೆ ಮುಂದೆ ಮಾಡಿ ಬರೆಯುವ ನಮ್ಮ ಜನಕ್ಕೆ ಅದು ಉಪಯೋಗಕ್ಕೆ ಬರುವ ನಿಯಮ. ಟಿಕೆಟ್ ಬಂದ ದಿನವೇ ಕಾರ್ಡನ್ನು ಪಕ್ಕದಲ್ಲಿಟ್ಟುಕೊಂಡು ಅಕ್ಷರಕ್ಕೆ ಅಕ್ಷರ ಓದಬೇಕು. ಓದುವಾಗ ನೆನಪಿನಲ್ಲಿರುವ ಹೆಸರನ್ನಲ್ಲ, ಪ್ರಯಾಣದ ದಿನ ಕೈಯಲ್ಲಿ ಹಿಡಿಯುವ ಅದೇ ಕಾರ್ಡಿನ ಹೆಸರನ್ನು ನೋಡಬೇಕು. ಗಂಡನ ಹೆಸರು ಸೇರಿಸಿಕೊಂಡ ಹೆಣ್ಣುಮಕ್ಕಳು ಪ್ಯಾನ್ ಕಾರ್ಡಿನಲ್ಲಿ ಒಂದು, ಆಧಾರ್‌ನಲ್ಲಿ ಒಂದು ಹೆಸರು ಇರುವುದನ್ನು ಇಲ್ಲಿಯೇ ಗಮನಿಸಬೇಕು.

ಯಾವ ಚೀಟಿಗಳು ನಡೆಯುತ್ತವೆ ಎಂಬ ಬಗ್ಗೆಯೂ ತಪ್ಪು ತಿಳುವಳಿಕೆಗಳಿವೆ. ಪಾಸ್‌ಪೋರ್ಟ್, ಮತದಾರರ ಚೀಟಿ, ಆಧಾರ್, ಪ್ಯಾನ್, ಚಾಲನಾ ಪರವಾನಗಿ, ನೌಕರಿಯ ಗುರುತಿನ ಚೀಟಿ, ವಿದ್ಯಾರ್ಥಿ ಗುರುತಿನ ಚೀಟಿ, ಭಾವಚಿತ್ರವಿರುವ ರಾಷ್ಟ್ರೀಕೃತ ಬ್ಯಾಂಕಿನ ಪಾಸ್‌ಬುಕ್, ಭಾವಚಿತ್ರವಿರುವ ಪಿಂಚಣಿ ದಾಖಲೆ, ಅಂಗವಿಕಲರ ಗುರುತಿನ ಚೀಟಿ ಇವುಗಳಲ್ಲಿ ಒಂದು ಸಾಕು. ಪಡಿತರ ಚೀಟಿ ಈ ಪಟ್ಟಿಯಲ್ಲಿಲ್ಲ. ಎಂ-ಆಧಾರ್ ಆ್ಯಪ್‌ನಲ್ಲಿ ತೆರೆದು ತೋರಿಸುವ ಆಧಾರ್ ನಡೆಯುತ್ತದೆ; ವಾಟ್ಸಾಪ್‌ನಲ್ಲಿ ಬಂದ ಫೋಟೋ ಅಥವಾ ಜೆರಾಕ್ಸ್ ಪ್ರತಿಯನ್ನು ನಂಬಿ ಹೊರಡಬಾರದು. ಇವು ಯಾವುವೂ ಇಲ್ಲದಿರಲು ಸಕಾರಣವಿದ್ದರೆ, ಕೇಂದ್ರ ಅಥವಾ ರಾಜ್ಯ ಸರ್ಕಾರದ ಗ್ರೂಪ್ 'ಎ' ಗೆಜೆಟೆಡ್ ಅಧಿಕಾರಿ ಭಾವಚಿತ್ರ ದೃಢೀಕರಿಸಿ ಕೊಟ್ಟ ಪ್ರಮಾಣಪತ್ರಕ್ಕೆ ಅವಕಾಶವಿದೆ. ಅದನ್ನು ಹೊರಡುವ ಬೆಳಿಗ್ಗೆ ಹುಡುಕಿಕೊಂಡು ಹೋಗಲಾಗುವುದಿಲ್ಲ.

ಅಮ್ಮನ ಗಲಾಟೆ ಮುಗಿಯಿತು ಎಂದುಕೊಂಡು ಚೆಕ್-ಇನ್‌ಗೆ ನಿಂತಾಗ ಮಗಳ ಸರದಿ ಬಂತು. ಅಪ್ಪ ಅಮ್ಮನ ಬಳಿ ಸರಿಯಾದ ಗುರುತಿನ ಚೀಟಿ ಇದ್ದರೆ ಜೊತೆಗಿರುವ ಮಗುವಿಗೆ ಬೇರೆ ಗುರುತಿನ ಚೀಟಿ ಬೇಕಿಲ್ಲ ಎಂಬುದು ನಿಜ. ಆದರೆ ಗುರುತು ಬೇರೆ, ವಯಸ್ಸು ಬೇರೆ. ಎರಡು ವರ್ಷ ತುಂಬದ ಮಗು ಎಂದು ಮಡಿಲಲ್ಲಿ ಕೂರಿಸಿಕೊಳ್ಳುವ ಟಿಕೆಟ್ ಕೊಂಡಿದ್ದರೆ ವಿಮಾನ ಸಂಸ್ಥೆ ವಯಸ್ಸಿನ ದಾಖಲೆ ಕೇಳುತ್ತದೆ. ತೋರಿಸಲಾಗದಿದ್ದರೆ ಸೀಟಿನ ಪೂರ್ತಿ ದರ ಕೊಡಬೇಕಾಗಬಹುದು. ನನ್ನ ಹೆಂಡತಿ ಜನನ ಪ್ರಮಾಣಪತ್ರವನ್ನೂ ನೀಲಿ ಬಾಲ ಆಧಾರನ್ನೂ ಚೀಲದಲ್ಲಿ ಇಟ್ಟಿದ್ದಳು, ನಾನು ಅದನ್ನು ಅತಿ ಎಚ್ಚರಿಕೆ ಎಂದು ಹಾಸ್ಯ ಮಾಡಿದ್ದೆ. ಆದರೆ ಅದೇ ದಾಖಲೆಯನ್ನು ನೋಡಿದ ಸಿಬ್ಬಂದಿ ಇನ್ನೊಂದು ವಿಷಯ ಹೇಳಿದರು. ಮಗಳಿಗೆ ಎರಡು ವರ್ಷ ತುಂಬುವುದು ನಾವು ಹಿಂತಿರುಗುವುದಕ್ಕೆ ಎರಡು ದಿನ ಮೊದಲು. ವಯಸ್ಸನ್ನು ಲೆಕ್ಕ ಹಾಕುವುದು ಬುಕ್ ಮಾಡಿದ ದಿನಕ್ಕಲ್ಲ, ಆಯಾ ಪ್ರಯಾಣದ ದಿನಕ್ಕೆ. ಹೋಗುವಾಗ ಮಡಿಲಲ್ಲಿ ಹೋದ ಮಗು ಬರುವಾಗ ಸ್ವಂತ ಸೀಟಿನ ಪ್ರಯಾಣಿಕಳಾಗಿದ್ದಳು, ಕಾಶಿಯಲ್ಲಿ ಕುಳಿತು ಆ ಟಿಕೆಟನ್ನೂ ಕೊಂಡೆವು. ಸ್ವಲ್ಪ ದೊಡ್ಡ ಮಕ್ಕಳು ಚಿಕ್ಕಮ್ಮ, ಅಜ್ಜಿಯಂಥವರ ಜೊತೆ ಹೊರಟಿದ್ದರೆ ಶಾಲೆಯ ಗುರುತಿನ ಚೀಟಿ ಅಥವಾ ಆಧಾರ್‌ನ ಮೂಲಪ್ರತಿಯನ್ನು ಕೊಟ್ಟು ಕಳಿಸುವುದು ಒಳ್ಳೆಯದು.

ಬಳಸದೆ ಉಳಿದ ಅಮ್ಮನ ಮೊದಲ ಟಿಕೆಟಿನ ಮೂಲ ದರ ಹೋಯಿತು. ಹತ್ತದೆ ಉಳಿದ ಪ್ರಯಾಣಿಕರಿಗೂ ತೆರಿಗೆ ಮತ್ತು ವಿಮಾನ ನಿಲ್ದಾಣದ ಬಳಕೆದಾರ ಶುಲ್ಕವನ್ನು ಹಿಂತಿರುಗಿಸಬೇಕೆಂಬ ನಿಯಮವನ್ನು ಕೌಂಟರಿನ ಹುಡುಗಿಯೇ ತಿಳಿಸಿದ್ದಳು, ಕೇಳಿ ಬರೆದ ಮೇಲೆ ಎಂಟುನೂರು ರೂಪಾಯಿಗಳ ಆಸುಪಾಸು ಏಜೆಂಟರ ಮೂಲಕ ವಾಪಸು ಬಂತು. ಆಧಾರ್‌ನಲ್ಲಿ ಹೆಸರನ್ನು ಜೀವಮಾನದಲ್ಲಿ ಎರಡು ಬಾರಿ ಮಾತ್ರ ಬದಲಾಯಿಸಬಹುದು ಎಂದು ತಿಳಿಸಿ, ಈಗಲಾದರೂ ಶಾರದಾ ಎಂದು ಮಾಡಿಸೋಣವೇ ಎಂದು ಅಮ್ಮನನ್ನು ಕೇಳಿದೆ. "ಅದೊಂದು ಕಡೆಯಾದರೂ ನಮ್ಮಪ್ಪ ಇಟ್ಟ ಹೆಸರು ಇರಲಿ ಬಿಡು" ಎಂದರು.